ನಾವಿಬ್ಬರೂ ಏನು ಅಂತ ಯಾವಾಗ ಕೇಳಬೇಕು?

ಈ ಸಂಬಂಧಕ್ಕೆ ಕನ್ನಡದಲ್ಲಿ ಇನ್ನೂ ಹೆಸರು ಹುಟ್ಟಿಲ್ಲ. ಇಂಗ್ಲಿಷಿನವರು ಸಿಚುಯೇಶನ್‌ಶಿಪ್ ಅಂತಾರೆ. 2023ರಲ್ಲಿ ಆಕ್ಸ್‌ಫರ್ಡ್‌ನವರು ವರ್ಷದ ಪದ ಆರಿಸುವಾಗ ಇದು ಕೊನೆಯ ನಾಲ್ಕರವರೆಗೂ ಬಂದು ಸೋತಿತು. ಹೆಸರಿಲ್ಲದಿದ್ದರೂ ಸಂಗತಿ ನಮಗೆಲ್ಲ ಗೊತ್ತು. ಇಬ್ಬರು ದಿನಾ ಮಾತಾಡ್ತಾರೆ, ಒಟ್ಟಿಗೆ ಊಟ ಮಾಡ್ತಾರೆ, ಒಟ್ಟಿಗೆ ಮಲಗ್ತಾರೆ, ಜ್ವರ ಬಂದರೆ ಮಾತ್ರೆ ತಂದುಕೊಡ್ತಾರೆ. ಯಾರಾದರೂ "ಏನು ನಿಮ್ಮಿಬ್ಬರದು?" ಅಂದರೆ ಮಾತ್ರ ಇಬ್ಬರೂ ನಕ್ಕು ಬೇರೆ ವಿಷಯ ಎತ್ತುತ್ತಾರೆ.

ಒಂದು ವಿಷಯ ಮೊದಲೇ ಬಿಡಿಸಿಟ್ಟುಬಿಡೋಣ. "ನಮಗೆ ಇಷ್ಟೇ ಸಾಕು, ಇದಕ್ಕಿಂತ ಮುಂದೆ ಹೋಗೋದು ಬೇಡ" ಅಂತ ಇಬ್ಬರೂ ಬಾಯಿಬಿಟ್ಟು ಹೇಳಿಕೊಂಡಿದ್ದರೆ ಅದರಲ್ಲಿ ಗೊಂದಲ ಇಲ್ಲ. ಅದು ಒಪ್ಪಂದ. ಬೇರೆಯವರಿಗೆ ಇಷ್ಟ ಆಗದಿರಬಹುದು, ಅದು ಅವರ ಪಾಡು. ನಾನು ಹೇಳ್ತಿರೋದು ಯಾರೂ ಏನೂ ಹೇಳದೆ, ಇಬ್ಬರೂ ತಮಗೆ ಬೇಕಾದ ಹಾಗೆ ಅರ್ಥ ಮಾಡಿಕೊಂಡು ನಡೀತಿರೋ ಸಂಬಂಧದ ಬಗ್ಗೆ. ಅಂಥದ್ದರಲ್ಲಿ ನೇರವಾಗಿ ಕೂತು ಮಾತಾಡೋ ಹೊತ್ತು ಬಂದಿದೆ ಅಂತ ಗೊತ್ತಾಗೋದು ಹೇಗೆ?

ಮೂರ್ನಾಲ್ಕು ಜನ ಹೇಳಿದ್ದನ್ನು ಸೇರಿಸಿ ಒಂದು ಉದಾಹರಣೆ ಮಾಡಿಕೊಂಡಿದ್ದೇನೆ, ಹಾಗಾಗಿ ಯಾರದೂ ಗುರುತು ಸಿಗೋದಿಲ್ಲ. ಅವಳು ದಾವಣಗೆರೆ ಕಡೆಯವಳು, ಬೆಂಗಳೂರಿನಲ್ಲಿ ಕೆಲಸ, ವಯಸ್ಸು 29. ಅವನು ಕೊಡವ, ವಯಸ್ಸು 31. ಐದು ವರ್ಷ ಬೆಂಗಳೂರಿನಲ್ಲಿ ಇದ್ದು, ಅಪ್ಪನಿಗೆ ಓಡಾಟ ಕಷ್ಟ ಆದಮೇಲೆ ಗೋಣಿಕೊಪ್ಪದ ಹತ್ತಿರದ ರೊಬಸ್ಟಾ ತೋಟ ನೋಡಿಕೊಳ್ಳೋಕೆ ಊರಿಗೆ ವಾಪಸ್ ಹೋದ. ಪರಿಚಯ ಆಗಿದ್ದು ಬೆಂಗಳೂರಿನಲ್ಲಿ, ಬೆಳೆದಿದ್ದು ಅವನು ಊರಿಗೆ ಹೋದಮೇಲೆ. ತಿಂಗಳಿಗೆ ಎರಡು ಸಲ ಶುಕ್ರವಾರ ರಾತ್ರಿ ಅವಳು ಬಸ್ಸು ಹತ್ತುತ್ತಾಳೆ. ಉಳಿಯೋದು ಅವನ ಮನೆಯಲ್ಲಲ್ಲ, ಗೆಳೆಯನ ಹೋಮ್‌ಸ್ಟೇಯಲ್ಲಿ. ಹೀಗೇ ಒಂದೂವರೆ ವರ್ಷ ಕಳೆದಿದೆ.

ಏಪ್ರಿಲ್‌ನಲ್ಲಿ ಅವನು ಅವಳನ್ನು ಹಾಕಿ ನೋಡೋಕೆ ಕರೆದುಕೊಂಡು ಹೋದ. ಕೊಡವರ ಹಾಕಿ ಉತ್ಸವ 1997ರಲ್ಲಿ ಕರಡದಲ್ಲಿ ಶುರುವಾಗಿದ್ದು, ಅಲ್ಲಿ ಆಡೋದು ಕ್ಲಬ್ಬುಗಳಲ್ಲ, ಒಕ್ಕಗಳು. ಒಂದು ಒಕ್ಕ ಅಂದರೆ ಒಬ್ಬ ಮೂಲಪುರುಷನಿಂದ ಬಂದ ಇಡೀ ಮನೆತನ, ಒಂದೇ ಮನೆಹೆಸರು. ಹಾಗಾಗಿ ಗ್ಯಾಲರಿಯಲ್ಲಿ ಹೊಸ ಮುಖ ಕಂಡರೆ ಮೊದಲು ಬರೋ ಪ್ರಶ್ನೆ "ಯಾವ ಮನೆ?" ಅವನ ಅತ್ತೆ ಕೇಳಿಯೇ ಕೇಳಿದರು. ಅವನು "ಬೆಂಗಳೂರಿನ ಫ್ರೆಂಡ್, ಅತ್ತೆ" ಅಂದ. ಅವಳೂ ನಕ್ಕು ನಮಸ್ಕಾರ ಮಾಡಿದಳು.

ಅವನು ಸುಳ್ಳು ಹೇಳಲಿಲ್ಲ. ಅವರಿಬ್ಬರೂ ಒಪ್ಪಿಕೊಂಡ ಬೇರೆ ಪದವೇ ಇಲ್ಲದಿರುವಾಗ ಅವನು ಇನ್ನೇನು ಹೇಳಬೇಕಿತ್ತು? ಆದರೆ ಅದೇ ತಿಂಗಳು ಮನೆಯವರು ತಂದ ಒಂದು ಒಳ್ಳೆ ಸಂಬಂಧವನ್ನು ಅವಳು "ಈಗ ಮನಸ್ಸಿಲ್ಲ" ಅಂತ ತಳ್ಳಿಹಾಕಿದ್ದಳು. ಅದಕ್ಕೆ ಕಾರಣ ಯಾರು ಅಂತ ಅವನಿಗೆ ಗೊತ್ತಿತ್ತು. ಮೇ ತಿಂಗಳಲ್ಲಿ ಅವಳಿಗೆ ಪುಣೆ ಆಫೀಸಿಗೆ ಹೋಗೋ ಅವಕಾಶ ಬಂತು. ಎರಡು ವರ್ಷ, ಮೇಲಿನ ಹುದ್ದೆ, ಮೂರು ವಾರದೊಳಗೆ ಉತ್ತರ ಕೊಡಬೇಕು. ಬೇಡ ಅನ್ನೋಣ ಅಂತ ಅವಳು ಮನಸ್ಸಿನಲ್ಲೇ ಅಂದುಕೊಂಡಳು. ಗೆಳತಿಯರಿಗೆ "ಪ್ರಾಜೆಕ್ಟ್ ಅಷ್ಟು ಚೆನ್ನಾಗಿಲ್ಲ" ಅಂದಳು.

ಮಾತಾಡೋ ಹೊತ್ತು ಬಂದಿದ್ದು ಇಲ್ಲಿ. ಹಾಕಿ ಗ್ಯಾಲರಿಯಲ್ಲಿ ಆದ ನೋವು ಅದಕ್ಕೆ ಕಾರಣವಲ್ಲ, ಪುಣೆ ಕಾರಣ. ಯಾಕೆ ಅಂತ ಹೇಳೋಕೆ ಒಬ್ಬ ತತ್ತ್ವಶಾಸ್ತ್ರಜ್ಞೆಯ ಸಹಾಯ ತಗೋತೀನಿ.

ಮಾರ್ಗರೆಟ್ ಗಿಲ್ಬರ್ಟ್ ಅನ್ನೋರು 1990ರಲ್ಲಿ ಒಂದು ಲೇಖನ ಬರೆದರು. ವಿಷಯ ತೀರ ಸಣ್ಣದು: ಇಬ್ಬರು ಒಟ್ಟಿಗೆ ನಡೆಯೋದು ಅಂದರೇನು? ಮಡಿಕೇರಿಯಲ್ಲಿ ರಾಜಾಸೀಟಿನ ಕಡೆ ಇಬ್ಬರು ಅಕ್ಕಪಕ್ಕ ನಡೆದು ಹೋಗ್ತಿದ್ದಾರೆ ಅಂತಿಟ್ಟುಕೊಳ್ಳಿ. ಅವರು ಒಟ್ಟಿಗೆ ಹೊರಟವರಾದರೆ, ಒಬ್ಬರು ಏನೂ ಹೇಳದೆ ಬೇರೆ ದಾರಿ ಹಿಡಿದಾಗ ಇನ್ನೊಬ್ಬರಿಗೆ "ಏ, ಎಲ್ಲಿಗೆ?" ಅಂತ ಕೇಳೋ ಹಕ್ಕಿದೆ. ಸುಮ್ಮನೆ ಒಂದೇ ದಾರಿಯಲ್ಲಿ ಸಿಕ್ಕವರಾದರೆ ಆ ಹಕ್ಕಿಲ್ಲ. ದೂರದಿಂದ ನೋಡೋರಿಗೆ ಎರಡೂ ಒಂದೇ ಥರ ಕಾಣುತ್ತೆ. ಗಿಲ್ಬರ್ಟ್ ಹೇಳೋ ಪ್ರಕಾರ ವ್ಯತ್ಯಾಸ ಇರೋದು ಒಂದರಲ್ಲಿ. ಜೊತೆಗೆ ಹೋಗೋಕೆ ತಾನು ತಯಾರು ಅಂತ ಪ್ರತಿಯೊಬ್ಬರೂ ಇನ್ನೊಬ್ಬರಿಗೆ ತೋರಿಸಿರಬೇಕು, ಹಾಗೆ ತೋರಿಸಿದ್ದು ಇಬ್ಬರಿಗೂ ಗೊತ್ತಿರಬೇಕು. ಅದಕ್ಕೆ ಕರಾರುಪತ್ರ ಬೇಕಿಲ್ಲ. ನಡವಳಿಕೆಯೇ ಸಾಕಾಗಬಹುದು.

ಸಿಚುಯೇಶನ್‌ಶಿಪ್‌ನ ಕಷ್ಟ ಇರೋದು ಇಲ್ಲೇ. ಒಬ್ಬರು ಒಟ್ಟಿಗೆ ಹೊರಟಿದ್ದೇವೆ ಅಂದುಕೊಂಡಿರ್ತಾರೆ, ಇನ್ನೊಬ್ಬರು ದಾರಿಯಲ್ಲಿ ಒಳ್ಳೆ ಜೊತೆ ಸಿಕ್ಕಿದೆ ಅಂದುಕೊಂಡಿರ್ತಾರೆ. ದಾರಿ ನೇರವಾಗಿರೋವರೆಗೆ ಇಬ್ಬರ ತಿಳುವಳಿಕೆಯೂ ಸರಿಯಾಗೇ ಕಾಣುತ್ತೆ. ಪ್ರತಿ ವಾರಾಂತ್ಯವೂ ಎರಡೂ ಅರ್ಥಕ್ಕೆ ಹೊಂದುತ್ತೆ. ವ್ಯತ್ಯಾಸ ಗೊತ್ತಾಗೋದು ದಾರಿ ಕವಲೊಡೆದಾಗ ಮಾತ್ರ. ಆಗ ಗೊತ್ತಾದರೆ ತಡ.

ಹಾಗಾಗಿ ನನ್ನ ಲೆಕ್ಕದಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ನಾನು ಈಗ ತೆಗೆದುಕೊಳ್ಳಬೇಕಾದ ಒಂದು ನಿರ್ಧಾರ, ಅವರ ಮನಸ್ಸಿನಲ್ಲಿ ಏನಿದೆ ಅಂತ ನಾನು ಊಹಿಸಿರೋದರ ಮೇಲೆ ನಿಂತಿದೆಯಾ? ಆ ಊಹೆ ತಪ್ಪಾದರೆ ವಾಪಸ್ ಪಡೆಯೋಕಾಗದ ಏನನ್ನಾದರೂ ಕಳೆದುಕೊಳ್ತೀನಾ? ಎರಡಕ್ಕೂ ಹೌದು ಅಂತ ಬಂದರೆ ಮಾತು ಬಾಕಿ ಇದೆ ಅಂತ ಅರ್ಥ. ಬಿಟ್ಟ ಕೆಲಸ, ತಳ್ಳಿದ ಸಂಬಂಧ, ಬದಲಿಸಿದ ಊರು, ಮನೆಯವರ ಹತ್ತಿರ ಹೇಳಿದ ಸುಳ್ಳು, ಇವೆಲ್ಲ ಆ ಲೆಕ್ಕಕ್ಕೆ ಬರುತ್ತವೆ. ರಾತ್ರಿ ಕಳಿಸಿದ ಮೆಸೇಜಿಗೆ ಬೆಳಗ್ಗೆವರೆಗೆ ಉತ್ತರ ಬರಲಿಲ್ಲ ಅನ್ನೋದು ಬರೋದಿಲ್ಲ. ಪರಿಚಯ ಆಗಿ ಮೂರು ವಾರ ಆಯ್ತು, ಇನ್ನೂ ಏನೂ ಹೇಳಿಲ್ಲ ಅನ್ನೋದೂ ಬರೋದಿಲ್ಲ. ಮೂರು ವಾರದಲ್ಲಿ ಅವರಿಗೇ ಗೊತ್ತಿರೋದಿಲ್ಲ. ಆತಂಕ ಕಳೆದುಕೊಳ್ಳೋಕೆ ಕೇಳೋ ಪ್ರಶ್ನೆಗೆ ಎಷ್ಟು ಉತ್ತರ ಬಂದರೂ ಮುಂದಿನ ವಾರ ಮತ್ತೆ ಕೇಳಬೇಕು ಅನ್ನಿಸುತ್ತೆ.

ಇನ್ನೊಂದು ಗುರುತಿದೆ. ಕೇಳೋದು ಬಿಟ್ಟು ಪತ್ತೇದಾರಿಕೆ ಶುರುವಾಗಿರುತ್ತೆ. ಅವನ ತಂಗಿ ಸ್ಟೋರಿಯಲ್ಲಿ ಯಾರ ಫೋಟೋ ಹಾಕಿದಳು, ಮದುವೆ ವಿಷಯ ಬಂದಾಗ ಅವನ ಗೆಳೆಯ ಯಾಕೆ ಸುಮ್ಮನಾದ, ಅಂತ ಒಂದೊಂದನ್ನೂ ಪೋಣಿಸೋದು. ಒಬ್ಬರ ಮನಸ್ಸು ತಿಳಿಯೋಕೆ ಅವರೊಬ್ಬರನ್ನು ಬಿಟ್ಟು ಉಳಿದೆಲ್ಲರನ್ನೂ ಗಮನಿಸ್ತಿದ್ದೀರಿ ಅಂದರೆ, ಉತ್ತರ ಬೇಕು ಅನ್ನೋದು ನಿಮಗೆ ಆಗಲೇ ಗೊತ್ತಾಗಿದೆ.

ಇಷ್ಟು ಹೊತ್ತು ಕೇಳೋರ ಕಡೆಯಿಂದ ಹೇಳಿದೆ. ಆದರೆ ಮೊದಲು ಬಾಯಿ ಬಿಡೋ ಜವಾಬ್ದಾರಿ ಯಾವಾಗಲೂ ಕೇಳೋರದ್ದೇನಾ? ಸಾರ್ತ್ರ್ 1943ರ ತನ್ನ ದೊಡ್ಡ ಗ್ರಂಥ 'ಬೀಯಿಂಗ್ ಅಂಡ್ ನಥಿಂಗ್‌ನೆಸ್'ನಲ್ಲಿ ಒಂದು ಪ್ರಸಂಗ ಹೇಳ್ತಾನೆ. ಒಬ್ಬಳು ಒಬ್ಬನ ಜೊತೆ ಹೊರಗೆ ಬಂದಿದ್ದಾಳೆ. ಮಾತಾಡ್ತಾ ಅವನು ಅವಳ ಕೈ ಹಿಡಿದುಕೊಳ್ತಾನೆ. ಕೈ ಹಾಗೇ ಬಿಟ್ಟರೆ ಒಪ್ಪಿದ ಹಾಗೆ, ಎಳೆದುಕೊಂಡರೆ ಆ ಸಂಜೆಯ ಸೊಗಸು ಕೆಡುತ್ತೆ. ಅವಳು ಎರಡನ್ನೂ ಮಾಡೋದಿಲ್ಲ. ಕೈಯನ್ನು ಅಲ್ಲೇ ಬಿಟ್ಟು, ಅದು ತನ್ನದಲ್ಲವೇನೋ ಅನ್ನೋ ಹಾಗೆ ಬದುಕಿನ ದೊಡ್ಡ ದೊಡ್ಡ ವಿಷಯ ಮಾತಾಡ್ತಾಳೆ. ನಿರ್ಧಾರ ಮಾಡಬೇಕಾದ ಕ್ಷಣದಲ್ಲಿ ತನ್ನ ಮುಂದೆ ನಿರ್ಧಾರವೇ ಇಲ್ಲ ಅಂತ ನಟಿಸೋದಕ್ಕೆ ಸಾರ್ತ್ರ್ ಆತ್ಮವಂಚನೆ ಅಂತಾನೆ. ಹೆಂಗಸನ್ನೇ ಉದಾಹರಣೆ ಮಾಡಿದ್ದಕ್ಕೆ ಅವನ ಮೇಲೆ ಟೀಕೆಗಳಿವೆ, ಅದು ನ್ಯಾಯವೇ. ಪಾತ್ರ ಅದಲುಬದಲು ಮಾಡಿ ನೋಡಿದರೂ ಮಾತು ಉಳಿಯುತ್ತೆ.

ನಮ್ಮ ಉದಾಹರಣೆಯಲ್ಲಿ ಕೈಯನ್ನು ಹಾಗೇ ಬಿಟ್ಟವನು ಅವನು. ಅವಳು ಮನೆಯವರು ತಂದ ಸಂಬಂಧ ಬೇಡ ಅಂದಾಗ ಅವನಿಗೆ ಗೊತ್ತಿತ್ತು. "ನನಗೋಸ್ಕರ ಬೇಡ ಅನ್ನಬೇಡ, ನನಗೇ ಇನ್ನೂ ಗೊತ್ತಿಲ್ಲ" ಅಂತ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ, ಆ ವಾರವೂ ಬಸ್‌ಸ್ಟ್ಯಾಂಡಿಗೆ ಬಂದು ಕರೆದುಕೊಂಡು ಹೋದ. ಇನ್ನೊಬ್ಬರು ನಮ್ಮ ಲೆಕ್ಕದಲ್ಲಿ ಖರ್ಚು ಮಾಡ್ತಿದ್ದಾರೆ ಅಂತ ಗೊತ್ತಿದ್ದೂ ಸುಮ್ಮನಿದ್ದರೆ, ಆ ಮೌನದಿಂದ ನಾವು ಲಾಭ ತಗೋತಿದ್ದೇವೆ. ಅಲ್ಲಿ ಮೊದಲು ಮಾತಾಡಬೇಕಾದವರು ಗೊತ್ತಿರೋರು.

ಅವನ ಕಡೆಯದನ್ನೂ ಹೇಳಬೇಕು. ತೋಟ ಅವನೊಬ್ಬನದಲ್ಲ. ಹೊರಗಿನ ಹುಡುಗಿ ಅಂದರೆ ಅಪ್ಪ ಏನಂತಾರೋ ಅನ್ನೋ ಭಯ ಅವನಿಗೆ ನಿಜವಾಗಿಯೂ ಇದೆ. ಅದೂ ಅಲ್ಲದೆ ಅವಳು ಒಂದೂವರೆ ವರ್ಷದಲ್ಲಿ ಎರಡು ಸಲ "ನನಗೇನೂ ಅರ್ಜೆಂಟ್ ಇಲ್ಲಪ್ಪ" ಅಂದಿದ್ದಳು. ಅಂಟಿಕೊಳ್ಳೋ ಹುಡುಗಿ ಅನ್ನಿಸಿಕೊಳ್ಳಬಾರದು ಅಂತ ಹಾಗಂದಳು. ಅವನು ನಂಬಿದ, ನಂಬೋದು ಅವನಿಗೆ ಅನುಕೂಲವೂ ಆಗಿತ್ತು.

ಸರಿ, ಮಾತಾಡೋದು ಅಂತ ಆಯ್ತು. ಏನು ಮಾತಾಡಬೇಕು? ಬಹಳ ಜನ "ನಾವಿಬ್ಬರೂ ಏನು?" ಅಂತ ಶುರು ಮಾಡ್ತಾರೆ. ಅದು ಹೆಸರು ಕೇಳೋ ಪ್ರಶ್ನೆ. ಜೊತೆಗೆ, ತೀರ್ಪು ಕೊಡೋ ಕೆಲಸ ಪೂರ್ತಿ ಎದುರಿನವರ ತಲೆ ಮೇಲೆ ಹಾಕುತ್ತೆ. ಇಲ್ಲಿ ಕೊಡಗಿನದೇ ಒಂದು ಪದ್ಧತಿ ನೆನಪಿಗೆ ಬರುತ್ತೆ.

ಕೊಡವರ ಮದುವೆಯಲ್ಲಿ ಪುರೋಹಿತರಿಲ್ಲ. ಎರಡೂ ಒಕ್ಕಗಳ ಪರವಾಗಿ ಮಾತಾಡೋಕೆ ಒಬ್ಬೊಬ್ಬ ಅರುವ ಇರ್ತಾರೆ. ಸಮ್ಮಂಧ ಅನ್ನೋ ಕ್ರಮದಲ್ಲಿ ಇಬ್ಬರು ಅರುವರೂ ಎದುರುಬದುರು ನಿಂತು ಪ್ರಶ್ನೆ, ಉತ್ತರದ ರೂಪದಲ್ಲಿ ಮಾತಾಡ್ತಾರೆ. ಹುಡುಗಿಗೆ ಹೊಸ ಮನೆಯಲ್ಲಿ ಸಿಗೋ ಹಕ್ಕುಗಳ ಮಾತು ಅಲ್ಲಿ ಬಾಯಿಬಿಟ್ಟು ಆಗುತ್ತೆ, ಅದರ ಗುರುತಾಗಿ ಸಣ್ಣ ಕಲ್ಲುಗಳನ್ನು ಕೈಯಿಂದ ಕೈಗೆ ಕೊಡ್ತಾರೆ. ಪ್ರೀತಿಯ ಬಗ್ಗೆ ಅಲ್ಲಿ ಯಾರೂ ಕೇಳೋದಿಲ್ಲ. ಎಂ.ಎನ್. ಶ್ರೀನಿವಾಸ್ ಕೊಡವರ ಬಗ್ಗೆ 1952ರಲ್ಲಿ ಪ್ರಕಟಿಸಿದ ಪುಸ್ತಕದಿಂದಾಗಿ ಈ ಪದ್ಧತಿಗಳು ಸಮಾಜಶಾಸ್ತ್ರ ಓದೋರಿಗೆಲ್ಲ ಪರಿಚಯ. ಮಾಮೂಲಿಗಿಂತ ಬೇರೆಯಾದ ಮದುವೆಗಳಿಗೂ ಅಲ್ಲಿ ಹೆಸರಿತ್ತು. ಗಂಡ ಹೆಂಡತಿಯ ಒಕ್ಕಕ್ಕೇ ಸೇರಿದರೆ ಅದು ಒಕ್ಕ ಪರಿಜೆ. ಗಂಡ ತನ್ನ ಒಕ್ಕ ಬಿಡದೆ, ಹುಟ್ಟೋ ಮಕ್ಕಳು ಮಾತ್ರ ತಾಯಿಯ ಒಕ್ಕಕ್ಕೆ ಸೇರೋದಾದರೆ ಮಕ್ಕ ಪರಿಜೆ. ಯಾರು ಎಲ್ಲಿಗೆ ಸೇರ್ತಾರೆ ಅನ್ನೋದು ಮೊದಲೇ ಮಾತಾಗಿರುತ್ತಿತ್ತು.

ಹಿರಿಯರೇ ಎಲ್ಲ ತೀರ್ಮಾನ ಮಾಡ್ತಿದ್ದ ಕಾಲಕ್ಕೆ ವಾಪಸ್ ಹೋಗೋಣ ಅಂತ ನಾನು ಹೇಳ್ತಿಲ್ಲ. ಅಲ್ಲಿ ಹುಡುಗ ಹುಡುಗಿಯ ಪರವಾಗಿ ಬೇರೆಯವರು ಮಾತಾಡ್ತಿದ್ದರು, ಇಲ್ಲಿ ನಮಗೆ ನಾವೇ ಅರುವರಾಗಬೇಕು. ಆದರೆ ಆ ಮಾತಿನ ಕ್ರಮ ನಮಗೂ ಉಪಯೋಗಕ್ಕೆ ಬರುತ್ತೆ. ಭಾವನೆಗೆ ಹೆಸರು ಹುಡುಕೋದಕ್ಕಿಂತ, ಯಾರ ಮೇಲೆ ಯಾರಿಗೆ ಏನು ಹಕ್ಕಿದೆ ಅಂತ ಮಾತಾಡೋದು ಸುಲಭ, ಸ್ಪಷ್ಟ. ನಾನು ಊರು ಬಿಡೋ ಮುಂಚೆ ನಿನ್ನನ್ನು ಕೇಳಬೇಕಾ? ನೀನು ಬೇರೆಯವರನ್ನು ನೋಡ್ತಿದ್ದರೆ ನನಗೆ ಹೇಳ್ತೀಯಾ? ನಿನ್ನ ಮನೆಯಲ್ಲಿ ನನ್ನ ವಿಷಯ ಎತ್ತೋ ದಿನ ಅಂತ ಒಂದಿದೆಯಾ? ಇವಕ್ಕೆ ಉತ್ತರ ಸಿಕ್ಕರೆ ಹೆಸರು ತಾನಾಗಿ ಗೊತ್ತಾಗುತ್ತೆ.

ಅವಳು ಹೋಗೋ ಮುಂಚೆ ಒಂದು ಕೆಲಸ ಮಾಡಿದಳು. ಅವನು ಎಲ್ಲದಕ್ಕೂ ಹೌದು ಅಂದರೆ ನನಗೆ ಏನು ಬೇಕು ಅಂತ ಒಂದು ಹಾಳೆಯಲ್ಲಿ ಬರೆದಳು. ಬರೆದು ನೋಡಿದಾಗ ಅವಳಿಗೇ ಆಶ್ಚರ್ಯ. ಈ ವರ್ಷವೇ ಮದುವೆ ಆಗಬೇಕು ಅಂತ ಅವಳಿಗೂ ಇರಲಿಲ್ಲ. ಬೇಕಾಗಿದ್ದು ಎರಡು: ಅವನು ಮನೆಯಲ್ಲಿ ಹೇಳ್ತಾನೋ ಇಲ್ಲವೋ ಅನ್ನೋದು, ಮತ್ತೆ ಅಲ್ಲಿಯವರೆಗೆ ಇಬ್ಬರೂ ಬೇರೆ ಕಡೆ ನೋಡೋದಿಲ್ಲ ಅನ್ನೋ ಮಾತು. ತನಗೆ ಏನು ಬೇಕು ಅಂತ ತಿಳಿಯದೆ ಹೋಗಿದ್ದರೆ ಅವನು ಏನು ಹೇಳಿದರೂ ಅದನ್ನು ಅಳೆಯೋಕೆ ಅವಳ ಹತ್ತಿರ ಏನೂ ಇರ್ತಿರಲಿಲ್ಲ.

ಆಮೇಲೆ ಸಮಯ. ತೋಟ ಇರೋರಿಗೆ ಪುರುಸೊತ್ತು ಅನ್ನೋ ತಿಂಗಳಿಲ್ಲ. ವರ್ಷದ ಶುರುವಿಗೆ ರೊಬಸ್ಟಾ ಕೊಯ್ಲು, ಅದು ಮುಗಿಯೋದರೊಳಗೆ ಹೂವಿಗೆ ಸ್ಪ್ರಿಂಕ್ಲರ್, ಜೂನ್ ಬಂದರೆ ಮಳೆ, ಕರೆಂಟಿಲ್ಲ, ನೆಟ್‌ವರ್ಕಿಲ್ಲ. "ಈ ಕೆಲಸ ಮುಗೀಲಿ" ಅಂತ ಅವನು ಹೇಳಿದ್ದೆಲ್ಲ ನಿಜ, ಆದರೆ ಆ ಲೆಕ್ಕದಲ್ಲಿ ಮಾತಿಗೆ ದಿನವೇ ಬರೋದಿಲ್ಲ. ದಿನ ಗೊತ್ತುಮಾಡಬೇಕಾದ್ದು ಕವಲಿನ ಲೆಕ್ಕದಲ್ಲಿ. ಪುಣೆಗೆ ಉತ್ತರ ಕೊಡೋಕೆ ಹತ್ತು ದಿನ ಇರುವಾಗ ಅವಳು ಫೋನ್ ಮಾಡಿ "ಈ ಶನಿವಾರ ಬೆಳಗ್ಗೆ ಒಂದು ಗಂಟೆ ಬೇಕು, ನಮ್ಮಿಬ್ಬರ ವಿಷಯ ಮಾತಾಡಬೇಕು" ಅಂದಳು. ಶನಿವಾರ ಬೆಳಗ್ಗೆ ಅಂದಿದ್ದು ಯೋಚಿಸಿಯೇ. ಭಾನುವಾರ ಸಂಜೆ ಬಸ್ಸಿಗೆ ಅರ್ಧ ಗಂಟೆ ಇರುವಾಗ ಶುರು ಮಾಡಿದ ಮಾತು ಅರ್ಧಕ್ಕೇ ನಿಲ್ಲುತ್ತೆ, ಉಳಿದರ್ಧ ವಾಟ್ಸಾಪಿನಲ್ಲಿ ಕೆಡುತ್ತೆ.

ಅರ್ಧ ಮಾತು ಏನು ಮಾಡುತ್ತೆ ಅನ್ನೋದು ಕಾಫಿ ಬೆಳೆಯೋರಿಗೆ ಬೇಗ ಅರ್ಥವಾಗುತ್ತೆ. ಹೂಮಳೆ ಒಂದು ಇಂಚಿನಷ್ಟಾದರೂ ಬಿದ್ದರೆ ವಾರ, ಹತ್ತು ದಿನದಲ್ಲಿ ಇಡೀ ತೋಟ ಬೆಳ್ಳಗಾಗುತ್ತೆ. ಸಾಲದಷ್ಟು ಬಿದ್ದು ನಿಂತುಹೋದರೆ ಮೊಗ್ಗು ಪೂರ್ತಿ ಅರಳೋದೂ ಇಲ್ಲ, ಮೊದಲಿನ ಹಾಗೆ ಸುಮ್ಮನೆ ಕಾಯೋದೂ ಇಲ್ಲ, ಕೆಟ್ಟುಹೋಗುತ್ತೆ. "ನಾವು ಯಾವಾಗಲಾದರೂ ಮಾತಾಡಬೇಕು ಕಣೋ" ಅಂತ ನಗ್ತಾ ಹೇಳಿ ಬಿಟ್ಟುಬಿಡೋದು ಇದೇ ಥರ. ಅವನು ಹುಷಾರಾಗ್ತಾನೆ, ಇವಳಿಗೆ ಉತ್ತರ ಸಿಗೋದಿಲ್ಲ, ಇದ್ದ ಸಲಿಗೆಯೂ ಸ್ವಲ್ಪ ಕಡಿಮೆಯಾಗುತ್ತೆ.

ಶನಿವಾರ ಅವಳು ಮೊದಲು ತನ್ನದನ್ನು ಹೇಳಿದಳು. "ಪುಣೆಗೆ ಕರೆದಿದ್ದಾರೆ, ಎರಡು ವರ್ಷ. ನಿನ್ನಿಂದಾಗಿ ಬೇಡ ಅನ್ನೋಣ ಅಂತ ಇದ್ದೆ. ಅದನ್ನು ನಿನಗೆ ಹೇಳದೆ ಮಾಡೋದು ಸರಿಯಲ್ಲ ಅನ್ನಿಸ್ತು. ಅರ್ಜೆಂಟ್ ಇಲ್ಲ ಅಂತ ಹೇಳ್ತಿದ್ದೆನಲ್ಲ, ಅದು ಪೂರ್ತಿ ನಿಜ ಅಲ್ಲ. ನನಗೆ ನೀನು ಬೇಕು. ಮದುವೆ ಈಗಲೇ ಬೇಡ. ಆದರೆ ನಿನ್ನ ಮನೆಯಲ್ಲಿ ಹೇಳೋ ಯೋಚನೆ ನಿನಗಿದೆಯಾ ಅಂತ ಗೊತ್ತಾಗಬೇಕು. ಇಲ್ಲ ಅಂದರೂ ಹೇಳು."

ಈ ಮಾತಿನಲ್ಲಿ ಪುಣೆ ಬೆದರಿಕೆಯಾಗಿ ಬಂದಿಲ್ಲ, ವಿಷಯವಾಗಿ ಬಂದಿದೆ. "ನೀನು ಹೇಳದಿದ್ದರೆ ಹೋಗಿಬಿಡ್ತೀನಿ" ಅಂದಿದ್ದರೆ ಅವನು ಅವಳನ್ನು ಉಳಿಸಿಕೊಳ್ಳೋಕೆ ಹೌದು ಅಂದುಬಿಡಬಹುದಿತ್ತು. ಹೆದರಿ ಹೇಳಿದ ಹೌದು ಮುಂದಿನ ಮಳೆಗಾಲದವರೆಗೂ ಬಾಳೋದಿಲ್ಲ. ಕೊನೆಗೆ ಅವಳು ಹೇಳಿದ "ಇಲ್ಲ ಅಂದರೂ ಹೇಳು" ಅನ್ನೋದೂ ಮುಖ್ಯ. ಇಲ್ಲ ಅನ್ನೋ ಉತ್ತರ ಕೇಳೋಕೆ ತಯಾರಿಲ್ಲದಿದ್ದರೆ ಅದು ಪ್ರಶ್ನೆಯೇ ಅಲ್ಲ, ಒತ್ತಾಯ.

ಬರೋ ಉತ್ತರಗಳು ಹೆಚ್ಚು ಬಗೆಯವಲ್ಲ. ಹೌದು ಅಂದರೆ ಅದರ ಜೊತೆ ಒಂದು ಕೆಲಸ ಇರಬೇಕು, ಯಾರಿಗೆ, ಯಾವಾಗ ಹೇಳ್ತೀನಿ ಅಂತ. ಇಲ್ಲ ಅಂದರೆ ನೋವಾದರೂ ಅದು ಗೌರವದ ಉತ್ತರ. "ಈಗ ಚೆನ್ನಾಗೇ ಇದ್ದೀವಲ್ಲ, ಇದಕ್ಕೆಲ್ಲ ಯಾಕೆ ಹೆಸರು?" ಅಂದರೆ ಅದು ನಯವಾಗಿ ಹೇಳಿದ ಇಲ್ಲ. ನೀವು ಹೆಸರು ಕೇಳಿರಲಿಲ್ಲ, ನಿಮ್ಮ ಎರಡು ವರ್ಷದ ಬಗ್ಗೆ ಕೇಳಿದ್ದಿರಿ.

ಕಷ್ಟದ್ದು "ಗೊತ್ತಿಲ್ಲ" ಅನ್ನೋದು. ಅವನು ಹೇಳಿದ್ದೂ ಅದನ್ನೇ. "ಅಪ್ಪನ ಮುಂದೆ ನಿಂತು ಹೇಳೋ ಧೈರ್ಯ ಇದೆಯಾ ಅಂತ ನನಗೇ ಗೊತ್ತಿಲ್ಲ. ಕೈಲ್‌ಪೊಳ್ದ್ ಹಬ್ಬದೊಳಗೆ ಹೇಳ್ತೀನಿ, ಆಗೋದಿಲ್ಲ ಅನ್ನಿಸಿದರೆ ಅದನ್ನೂ ನಿನಗೆ ಹೇಳ್ತೀನಿ." ಹಬ್ಬ ಸೆಪ್ಟೆಂಬರ್ ಮೊದಲಲ್ಲಿ. ದಿನಾಂಕ ಇರೋ ಗೊತ್ತಿಲ್ಲಕ್ಕೂ ದಿನಾಂಕ ಇಲ್ಲದ ಗೊತ್ತಿಲ್ಲಕ್ಕೂ ಬಹಳ ವ್ಯತ್ಯಾಸವಿದೆ. ಮೊದಲನೆಯದು ಪ್ರಾಮಾಣಿಕವಾದ ಉತ್ತರ, ಎರಡನೆಯದು ಹಳೇ ಸ್ಥಿತಿಯೇ. ಆದರೆ ಪುಣೆಯವರು ಸೆಪ್ಟೆಂಬರ್‌ವರೆಗೆ ಕಾಯೋದಿಲ್ಲ. ಹಾಗಾಗಿ ಅವಳು ಗೊತ್ತಿಲ್ಲ ಅನ್ನೋದನ್ನು ಪುಣೆಯ ನಿರ್ಧಾರದ ಮಟ್ಟಿಗೆ ಇಲ್ಲ ಅಂತ ತಗೊಂಡಳು, ಸಂಬಂಧದ ಮಟ್ಟಿಗೆ ಗೊತ್ತಿಲ್ಲ ಅಂತಲೇ ಇಟ್ಟುಕೊಂಡಳು. ಕೆಲಸ ಒಪ್ಪಿಕೊಂಡಳು. ಇವೆರಡನ್ನೂ ಬೇರೆ ಬೇರೆ ಮಾಡಿದ್ದರಿಂದ ಮುಂದೆ ಅವನು ಏನು ಹೇಳಿದರೂ "ನಿನಗೋಸ್ಕರ ನಾನು ಬಿಟ್ಟೆ" ಅನ್ನೋ ಸಾಲ ಅವನ ತಲೆ ಮೇಲೆ ಇರೋದಿಲ್ಲ.

ಎಲ್ಲ ಸಲವೂ ಕೂತು ಮಾತಾಡಲೇಬೇಕು ಅಂತೇನಿಲ್ಲ. ಎರಡು ಕಡೆ ನಾನು ಬೇಡ ಅಂತೀನಿ. ಒಂದು, ಉತ್ತರ ಆಗಲೇ ಬಂದಿರುವಾಗ. ಮೂರನೇ ತಿಂಗಳಲ್ಲೇ ಅವರು "ನಾನು ಮದುವೆ ಆಗೋನಲ್ಲ" ಅಂತ ನೇರವಾಗಿ ಹೇಳಿದ್ದರೆ, ಹದಿನೈದನೇ ತಿಂಗಳಲ್ಲಿ ಬೇರೆ ಮಾತಿನಲ್ಲಿ ಅದನ್ನೇ ಕೇಳೋದು ಅವರ ಮಾತಿಗೆ ಬೆಲೆ ಕೊಡದ ಹಾಗೆ. ಅಲ್ಲಿ ಬಾಕಿ ಇರೋದು ನಿಮ್ಮ ನಿರ್ಧಾರ ಮಾತ್ರ. ಇನ್ನೊಂದು, ಕೇಳಿದರೆ ಫೋಟೋ ಹಂಚ್ತೀನಿ, ನಿಮ್ಮ ಮನೆಗೆ ಹೇಳ್ತೀನಿ ಅಂತ ಹೆದರಿಸೋರ ಹತ್ತಿರ. ಅವರಿಗೆ ನೀವು ವಿವರಣೆ ಕೊಡಬೇಕಾಗಿಲ್ಲ. ಅಲ್ಲಿಗೆ ಒಬ್ಬರೇ ಹೋಗಬೇಡಿ, ನಂಬೋರಿಗೆ ಹೇಳಿ ಹೊರಗೆ ಬನ್ನಿ.

ಉಳಿದ ಕಡೆ ನಿಮ್ಮ ಮುಂದಿನ ಆರು ತಿಂಗಳನ್ನು ನೋಡಿ. ಉತ್ತರ ಕೊಡಬೇಕಾದ ಪತ್ರ, ನವೀಕರಿಸಬೇಕಾದ ಬಾಡಿಗೆ ಕರಾರು, ಮನೆಯವರು ತೋರಿಸ್ತಿರೋ ಫೋಟೋ, ಇವುಗಳಲ್ಲಿ ಯಾವುದಕ್ಕಾದರೂ ಆ ಒಬ್ಬರನ್ನು ಮನಸ್ಸಿನಲ್ಲಿಟ್ಟುಕೊಂಡು ಹೌದು ಅಥವಾ ಇಲ್ಲ ಅನ್ನೋಕೆ ಹೊರಟಿದ್ದರೆ, ಅದಕ್ಕೆ ಮುಂಚೆ ಅವರಿಗೆ ಫೋನ್ ಮಾಡಿ ಶನಿವಾರ ಬೆಳಗ್ಗೆ ಒಂದು ಗಂಟೆ ಕೇಳಿ.